ಕೈಗೆ ಬಾರದ ಬಡ್ಡಿಗೂ ಲೆಕ್ಕ ಉಂಟು

ನನ್ನ ಬಳಗದಲ್ಲಿ ಒಂದು ಜಾಣತನ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಇಡೀ ಹಣವನ್ನು ಒಂದೇ ಬ್ಯಾಂಕಿನಲ್ಲಿಟ್ಟರೆ ಟಿಡಿಎಸ್ ಹಿಡಿಯುತ್ತಾರೆ, ಮೂರು ಕಡೆ ಹಂಚಿಟ್ಟರೆ ಹಿಡಿಯುವುದಿಲ್ಲ, ಆದ್ದರಿಂದ ತೆರಿಗೆಯೂ ಇಲ್ಲ. ಮೊದಲರ್ಧ ನಿಜ. 2025ರ ಏಪ್ರಿಲ್‌ನಿಂದ ಒಂದು ಬ್ಯಾಂಕಿನ ಎಲ್ಲ ಶಾಖೆಗಳ ಠೇವಣಿ ಬಡ್ಡಿ ಸೇರಿ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಮಾತ್ರ ಶೇ 10ರ ಕಡಿತ. ಹಿರಿಯ ನಾಗರಿಕರಿಗೆ ಈ ಮಿತಿ ಒಂದು ಲಕ್ಷ. ಉಳಿತಾಯ ಖಾತೆಯ ಬಡ್ಡಿಗೆ ಕಡಿತವೇ ಇಲ್ಲ. ಆದರೆ ಇದು ಬ್ಯಾಂಕು ಹಿಡಿದುಕೊಳ್ಳಬೇಕೋ ಬೇಡವೋ ಎನ್ನುವುದಕ್ಕೆ ಇರುವ ಮಿತಿ. ಬಡ್ಡಿಯಂತೂ ಮೊದಲ ರೂಪಾಯಿಯಿಂದಲೇ ನಮ್ಮ ಆದಾಯ.

ಹಾಗಾಗಿ ರಿಟರ್ನ್ ಸಲ್ಲಿಸುವ ಮುನ್ನ ನಾನು ಟಿಡಿಎಸ್ ಪ್ರಮಾಣಪತ್ರಗಳನ್ನು ಮೊದಲು ಕೈಗೆತ್ತಿಕೊಳ್ಳುವುದಿಲ್ಲ. ಮೊದಲು ಖಾತೆಗಳ ಪಟ್ಟಿ, ಆಮೇಲೆ ಪ್ರತಿ ಖಾತೆಯ ಬಡ್ಡಿ, ಕೊನೆಗೆ ಕಡಿತ. ಬಹಳ ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ: 26ಎಎಸ್ ತೆಗೆದು ಅದರಲ್ಲಿ ಕಂಡ ಬಡ್ಡಿಯನ್ನಷ್ಟೇ ಕೂಡಿಸಿ ಬರೆದುಬಿಡುತ್ತಾರೆ. ಆ ಪಟ್ಟಿಯಲ್ಲಿ ಬಡ್ಡಿ ಕಾಣಿಸುವುದೇ ಕಡಿತವಾದಾಗ. ಕಡಿತವಾಗದ ಬಡ್ಡಿಯನ್ನು ಅಲ್ಲಿ ಹುಡುಕಿದರೆ ಸಿಗುವುದೂ ಇಲ್ಲ.

2025–26ರ ನನ್ನ ಲೆಕ್ಕವನ್ನೇ ಇಲ್ಲಿ ಬಿಚ್ಚಿಡುತ್ತೇನೆ. ಊರಿನ ಜಾಗ ಮಾರಿ ಬಂದ ಹಣ ಮೂರು ಕಡೆ ಠೇವಣಿಯಲ್ಲಿತ್ತು. ಸಂಬಳ ಬರುವ ಬ್ಯಾಂಕಿನಲ್ಲಿ 8 ಲಕ್ಷ, ಶೇ 7ರ ಬಡ್ಡಿ, ಮೂರು ತಿಂಗಳಿಗೊಮ್ಮೆ ಖಾತೆಗೆ ಜಮಾ. ಎರಡನೆಯ ಬ್ಯಾಂಕಿನಲ್ಲಿ 4 ಲಕ್ಷ, ಅದೇ ಶೇ 7, ಆದರೆ ಮೂರು ವರ್ಷದ ಕ್ಯುಮುಲೇಟಿವ್ ಠೇವಣಿ. ಇಟ್ಟದ್ದು 2025ರ ಏಪ್ರಿಲ್ 1ರಂದು. ಮೂರನೆಯದು ಒಂದು ಸಣ್ಣ ಸಹಕಾರಿ ಬ್ಯಾಂಕು, ಅಲ್ಲಿ 8 ಲಕ್ಷಕ್ಕೆ ಶೇ 7.75, ಅದೂ ಮೂರು ತಿಂಗಳಿಗೊಮ್ಮೆ. ಮೂರರಲ್ಲೂ ಒಂದೊಂದು ಉಳಿತಾಯ ಖಾತೆ.

ಮೊದಲ ಬ್ಯಾಂಕಿನ ಪಾಸ್‌ಬುಕ್ ತೆರೆದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ಕೊನೆಗೆ ತಲಾ 12,600 ಜಮಾ ಆಗಿದೆ. ನಾಲ್ಕನ್ನೂ ಕೂಡಿಸಿದರೆ 50,400. ನನ್ನ ಬಡ್ಡಿ ಅದಲ್ಲ. 8 ಲಕ್ಷಕ್ಕೆ ಶೇ 7ರಂತೆ ಮೂರು ತಿಂಗಳಿಗೆ 14,000 ಆಗಬೇಕು. ವರ್ಷದ ಬಡ್ಡಿ 50,000 ದಾಟುತ್ತದೆಂದು ಬ್ಯಾಂಕು ಮೊದಲೇ ಅಂದಾಜು ಮಾಡಿ ಪ್ರತಿ ಸಲವೂ 1,400 ಹಿಡಿದು ಉಳಿದದ್ದನ್ನು ಹಾಕಿದೆ. ರಿಟರ್ನ್‌ನಲ್ಲಿ ಬರೆಯಬೇಕಾದ ಬಡ್ಡಿ 56,000; ಹಿಡಿದ 5,600 ತೆರಿಗೆಯ ಮುಂಗಡ. ಪಾಸ್‌ಬುಕ್ ಮೊತ್ತ ಬರೆದು ಜೊತೆಗೆ ಟಿಡಿಎಸ್ ಕ್ಲೇಮನ್ನೂ ಮಾಡಿದರೆ ಹಿಡಿದ ತೆರಿಗೆಯನ್ನು ಎರಡು ಸಲ ಪಡೆದಂತೆ. ಇಲಾಖೆಯ ಕಂಪ್ಯೂಟರಿಗೆ ಇದು ಕ್ಷಣದಲ್ಲಿ ಗೊತ್ತಾಗುತ್ತದೆ, ಏಕೆಂದರೆ 16ಎ ನಮೂನೆಯಲ್ಲಿ ಕಡಿತದ ಪಕ್ಕದಲ್ಲೇ ಕಡಿತಕ್ಕೆ ಮುಂಚಿನ ಬಡ್ಡಿ ಇರುತ್ತದೆ.

ಎರಡನೆಯ ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಠೇವಣಿಯ ಬಡ್ಡಿ ಎಂದು ಒಂದು ಪೈಸೆಯೂ ಇಲ್ಲ. 16ಎ ಇಲ್ಲ, 26ಎಎಸ್‌ನಲ್ಲಿ ಆ ಬ್ಯಾಂಕಿನ ಹೆಸರೂ ಇಲ್ಲ. ಆದರೂ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ವರ್ಷಕ್ಕೆ 28,744 ರೂಪಾಯಿ ಬೆಳೆದಿದೆ. ನೆಟ್‌ಬ್ಯಾಂಕಿಂಗ್‌ನಲ್ಲಿ ಸಿಗುವ ಬಡ್ಡಿ ಪ್ರಮಾಣಪತ್ರದಲ್ಲಿ ಮಾತ್ರ ಇದು ಕಾಣುತ್ತದೆ, ಅದೂ ‘ಪಾವತಿಸಿದ ಬಡ್ಡಿ’ ಕಾಲಂನಲ್ಲಲ್ಲ, ‘ಸಂಚಿತ ಬಡ್ಡಿ’ ಕಾಲಂನಲ್ಲಿ. ಮಾರ್ಚ್ ಮುಗಿಯುವ ಮೊದಲೇ ಇಳಿಸಿಕೊಂಡ ಪ್ರಮಾಣಪತ್ರ ಬರೀ ಅಂದಾಜಿನದು. ಏಪ್ರಿಲ್ ಬಂದ ಮೇಲೆ ಮತ್ತೊಮ್ಮೆ ಇಳಿಸಿಕೊಳ್ಳಿ.

ಈ ಹಣ ಕೈಗೆ ಬರುವುದು ಮೂರು ವರ್ಷದ ಮೇಲೆ, ಆಗಲೇ ತೋರಿಸಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಕೈಗೆ ಬಂದಾಗ ತೋರಿಸುವ ಪದ್ಧತಿಗೆ ಕಾನೂನಿನಲ್ಲಿ ಜಾಗವಿದೆ, ಆದರೆ ಹಿಡಿದ ಪದ್ಧತಿಯನ್ನು ವರ್ಷ ವರ್ಷ ಬದಲಿಸುವಂತಿಲ್ಲ. ನಾನು ಪ್ರತಿ ವರ್ಷ ಬೆಳೆದಷ್ಟನ್ನು ಆ ವರ್ಷವೇ ತೋರಿಸುವ ಪಂಗಡದವನು. ಇದಕ್ಕೆ ಎರಡು ಕಾರಣ. ಮೂರು ವರ್ಷದ ಬಡ್ಡಿ ಒಟ್ಟಿಗೆ ಬಿದ್ದರೆ ಮೇಲಿನ ತೆರಿಗೆ ಸ್ತರಕ್ಕೆ ತಳ್ಳಿಬಿಡಬಹುದು. ಜೊತೆಗೆ, ಮಿತಿ ದಾಟಿದ ಕ್ಯುಮುಲೇಟಿವ್ ಠೇವಣಿಗೆ ಬ್ಯಾಂಕು ಪ್ರತಿ ವರ್ಷವೂ ಟಿಡಿಎಸ್ ಹಿಡಿಯುತ್ತದೆ. ಬಡ್ಡಿಯನ್ನು ಯಾವ ವರ್ಷ ತೋರಿಸುತ್ತೀರೋ ಆ ವರ್ಷವೇ ಕಡಿತದ ಲಾಭ ಸಿಗುವುದು. ಕೊನೆಯಲ್ಲಿ ತೋರಿಸುವವರು ಹಿಂದಿನ ವರ್ಷಗಳ ಕಡಿತವನ್ನು ರಿಟರ್ನ್‌ನಿಂದ ರಿಟರ್ನ್‌ಗೆ ಹೊತ್ತುಕೊಂಡು ಹೋಗಬೇಕು. ಒಂದು ವರ್ಷ ಮರೆತರೆ ಆ ಹಣದ ಹಿಂದೆ ಅಲೆಯಬೇಕಾಗುತ್ತದೆ. ವರ್ಷ ವರ್ಷ ತೋರಿಸುವವರು ಹಳೆಯ ಪ್ರಮಾಣಪತ್ರಗಳನ್ನು ಠೇವಣಿ ಮುಗಿಯುವವರೆಗೆ ಇಟ್ಟುಕೊಳ್ಳಿ, ಕೊನೆಯ ವರ್ಷ ಅದೇ ಬಡ್ಡಿಯನ್ನು ಮತ್ತೆ ತೋರಿಸುವ ಗಂಡಾಂತರ ತಪ್ಪುತ್ತದೆ.

ಸಹಕಾರಿ ಬ್ಯಾಂಕಿನದು ಬೇರೆಯೇ ಕಥೆ. ಮೂರು ತಿಂಗಳಿಗೆ 15,500ರಂತೆ ವರ್ಷಕ್ಕೆ 62,000 ಬಡ್ಡಿ, ಕಡಿತ 6,200. ಪಾಸ್‌ಬುಕ್‌ನಲ್ಲಿ ನಾಲ್ಕೂ ಕಡಿತ ಇದೆ. ಬ್ಯಾಂಕುಗಳು ಜನವರಿ–ಮಾರ್ಚ್‌ನ ಟಿಡಿಎಸ್ ವಿವರ ಸಲ್ಲಿಸಲು ಮೇ 31ರವರೆಗೆ, 16ಎ ಕೊಡಲು ಜೂನ್ 15ರವರೆಗೆ ಸಮಯವಿದೆ. ಏಪ್ರಿಲ್‌ನಲ್ಲೇ ರಿಟರ್ನ್ ಹಾಕಿ ಕೈತೊಳೆದುಕೊಳ್ಳುವ ಉತ್ಸಾಹಿಗಳಿಗೆ ನಾಲ್ಕನೇ ತ್ರೈಮಾಸಿಕದ ಕಡಿತ ಕಾಣದಿರುವುದು ಈ ಕಾರಣಕ್ಕೇ. ನಾನು ಜೂನ್ ಮೂರನೇ ವಾರದವರೆಗೆ ಕಾದೆ. ಆಗಲೂ 26ಎಎಸ್‌ನಲ್ಲಿ ಆ ಬ್ಯಾಂಕಿನ ಎದುರು ಮೂರೇ ಸಾಲು: ಬಡ್ಡಿ 46,500, ಕಡಿತ 4,650. ಉಳಿದ 1,550 ಎಲ್ಲಿ ಹೋಯಿತು?

ಶಾಖೆಗೆ ಹೋದೆ. ‘ತೆರಿಗೆ ಕಟ್ಟಿದ್ದೀವಿ ಸಾರ್, ಚಲನ್ ನೋಡಿ’ ಎಂದು ಗುಮಾಸ್ತರು ಕಾಗದ ಮುಂದಿಟ್ಟರು. ಚಲನ್ ನಿಜವಾದದ್ದೇ. ಆದರೆ ಅದು ಎಲ್ಲ ಗ್ರಾಹಕರದ್ದೂ ಸೇರಿದ ಒಂದೇ ಮೊತ್ತ. ಅದರಲ್ಲಿ ಯಾರ ಪಾಲು ಎಷ್ಟು ಎನ್ನುವುದು ಬ್ಯಾಂಕು ಆಮೇಲೆ ಸಲ್ಲಿಸುವ ವಿವರಪಟ್ಟಿಯಲ್ಲಿ ಇರುತ್ತದೆ. ಆ ತ್ರೈಮಾಸಿಕದ 16ಎ ಕೊಡಿ ಎಂದೆ, ಬಂದಿಲ್ಲ ಎಂದರು. ವಿವರಪಟ್ಟಿಯ ಪ್ರತಿ ತೆಗೆಸಿ ನನ್ನ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಾಗ ವಿಷಯ ಹೊರಬಿತ್ತು. ಜನವರಿಯಲ್ಲಿ ಠೇವಣಿ ನವೀಕರಿಸುವಾಗ ಹೊಸ ಗ್ರಾಹಕ ಸಂಖ್ಯೆ ಸೃಷ್ಟಿಯಾಗಿ, ಅಲ್ಲಿ ಪ್ಯಾನ್‌ನ ಕೊನೆಯ ಅಕ್ಷರ ಎಂ ಬದಲು ಎನ್ ಎಂದು ಬೆರಳಚ್ಚಾಗಿತ್ತು. ಇದನ್ನು ನಾನು ಸರಿಪಡಿಸಲಾರೆ, ಇಲಾಖೆಯೂ ಸರಿಪಡಿಸದು. ಬ್ಯಾಂಕೇ ತಿದ್ದುಪಡಿ ವಿವರಪಟ್ಟಿ ಸಲ್ಲಿಸಬೇಕು. ಪ್ಯಾನ್ ಕಾರ್ಡಿನ ಪ್ರತಿ ಲಗತ್ತಿಸಿ ಲಿಖಿತ ಅರ್ಜಿ ಕೊಟ್ಟು, ನನ್ನ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದೆ. ಜುಲೈ ಮಧ್ಯದ ಹೊತ್ತಿಗೆ ನಾಲ್ಕನೆಯ ಸಾಲು ಕಾಣಿಸಿತು, ಅದರ ಎದುರು ‘F’ ಎಂದಿತ್ತು. ಪಾವತಿ ತಾಳೆಯಾಗಿ ಅಂತಿಮವಾಗಿದೆ ಎಂದು ಅದರ ಅರ್ಥ. ‘U’ ಎಂದಿದ್ದರೆ ಇನ್ನೂ ತಾಳೆಯಾಗಿಲ್ಲ. ಅಷ್ಟರಲ್ಲಿ ಆತುರಪಟ್ಟು ನಾನೇ 6,200 ಎಂದು ಬರೆದು ಸಲ್ಲಿಸಿದ್ದರೆ, ಇಲಾಖೆಯವರು 4,650 ಮಾತ್ರ ಒಪ್ಪಿ ಉಳಿದದ್ದಕ್ಕೆ ಬಾಕಿ ಎಂದು ನೋಟಿಸ್ ಕಳಿಸುತ್ತಿದ್ದರು.

ಈ ಕೊರತೆಯ ಸುಳಿವು ಮೊದಲು ಸಿಕ್ಕಿದ್ದು ಎಐಎಸ್‌ನಲ್ಲಿ, ಅಂದರೆ ಇ-ಫೈಲಿಂಗ್ ಪೋರ್ಟಲ್‌ನ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ. ಬ್ಯಾಂಕುಗಳು ಕಡಿತವಿರಲಿ ಬಿಡಲಿ ಬಡ್ಡಿಯನ್ನು ಇಲಾಖೆಗೆ ಬೇರೆಯಾಗಿ ವರದಿ ಮಾಡುತ್ತವೆ. ಅದು ಈ ಪಟ್ಟಿಯ ‘SFT’ ಭಾಗದಲ್ಲಿ ಬರುತ್ತದೆ. ಅಲ್ಲಿ ಸಹಕಾರಿ ಬ್ಯಾಂಕಿನ ಬಡ್ಡಿ 62,000 ಎಂದಿತ್ತು, ಟಿಡಿಎಸ್ ಭಾಗದಲ್ಲಿ 46,500. ಅಂತರ 15,500, ಸರಿಯಾಗಿ ಒಂದು ತ್ರೈಮಾಸಿಕದ ಬಡ್ಡಿ. ಅಂತರ ಇಷ್ಟು ಅಚ್ಚುಕಟ್ಟಾಗಿ ಬಂದರೆ ಎಲ್ಲಿ ಹುಡುಕಬೇಕೆಂದು ಅದೇ ಹೇಳಿಬಿಡುತ್ತದೆ. ಕ್ಯುಮುಲೇಟಿವ್ ಠೇವಣಿಯ 28,744 ಕೂಡ ಅಲ್ಲಿ ಕೂತಿತ್ತು. ಬ್ಯಾಂಕು ಹಿಡಿಯಲಿಲ್ಲ, ಆದರೆ ಹೇಳದೆ ಬಿಡಲಿಲ್ಲ.

ಎಐಎಸ್ ನಂಬಿ ಕೂಡಿಸುವವರಿಗೆ ಇಲ್ಲೊಂದು ಉರುಳು ಇದೆ. ಮೊದಲ ಬ್ಯಾಂಕಿನ 56,000 ಅದರಲ್ಲಿ ಎರಡು ಕಡೆ ಇದೆ, ಟಿಡಿಎಸ್ ಭಾಗದಲ್ಲೊಮ್ಮೆ, ‘SFT’ ಭಾಗದಲ್ಲೊಮ್ಮೆ. ಒಂದೇ ಬಡ್ಡಿ, ಎರಡು ವರದಿ. ಪೋರ್ಟಲ್‌ನ ಸಾರಾಂಶ ಸಾಮಾನ್ಯವಾಗಿ ಒಂದನ್ನು ಕಳೆದು ತೋರಿಸುತ್ತದೆ, ಕೆಲವೊಮ್ಮೆ ಇಲ್ಲ. ರಿಟರ್ನ್‌ನಲ್ಲಿ ಮೊದಲೇ ತುಂಬಿ ಬರುವ ಬಡ್ಡಿಯ ಮೊತ್ತ ವಿಪರೀತ ಹೆಚ್ಚಿದ್ದರೆ ಅನುಮಾನ ಇಲ್ಲಿಂದಲೇ ಶುರುವಾಗಲಿ. ಆ ಸಾಲಿನ ಮೇಲೆ ಒತ್ತಿ, ಈ ಮಾಹಿತಿ ಬೇರೆ ಕಡೆಯೂ ಸೇರಿದೆ ಎಂದು ಪ್ರತಿಕ್ರಿಯೆ ಕೊಡಬಹುದು. ಜಂಟಿ ಖಾತೆಯಾದರೆ ಸಾಮಾನ್ಯವಾಗಿ ಪೂರ್ತಿ ಬಡ್ಡಿ ಮೊದಲ ಹೆಸರಿನವರ ಪ್ಯಾನ್‌ಗೇ ಬೀಳುತ್ತದೆ, ಅದೂ ನೆನಪಿರಲಿ.

ಎಲ್ಲ ಸೇರಿಸಿದರೆ ಮೂರು ಠೇವಣಿಗಳ ಬಡ್ಡಿ 1,46,744. ಮೂರು ಉಳಿತಾಯ ಖಾತೆಗಳದು 6,840, 1,212 ಮತ್ತು 430, ಒಟ್ಟು 8,482. ಇವನ್ನು ರಿಟರ್ನ್‌ನಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಉಳಿತಾಯ ಖಾತೆಯ ಬಡ್ಡಿಯಲ್ಲಿ 10,000ದವರೆಗೆ ವಿನಾಯಿತಿ ಉಂಟು, ಠೇವಣಿಯ ಬಡ್ಡಿಗೆ ಇಲ್ಲ. (ಹಿರಿಯ ನಾಗರಿಕರಿಗೆ ಎರಡೂ ಸೇರಿ 50,000.) ಹೊಸ ಪದ್ಧತಿಯಲ್ಲಿ ಈ ಎರಡು ವಿನಾಯಿತಿಗಳೂ ಇಲ್ಲ.

ಹೀಗೆ ನನ್ನ ಒಟ್ಟು ಬಡ್ಡಿ ಆದಾಯ 1,55,226, ಕಡಿತ 11,800. ಬರೀ ಪಾಸ್‌ಬುಕ್ ನೋಡಿ ಬರೆದವರಿಗೆ 1,14,682 ಸಿಗುತ್ತಿತ್ತು. ಬರೀ 26ಎಎಸ್ ನೋಡಿದವರಿಗೆ, ನಾಲ್ಕೂ ಸಾಲು ಬಂದ ಮೇಲೂ, 1,18,000. ಎರಡೂ ನೋಡಲು ನಂಬುವಂತಿವೆ, ಎರಡೂ ತಪ್ಪು.

ಬ್ಯಾಂಕು ಹಿಡಿದದ್ದು ಶೇ 10, ನನ್ನ ಸ್ತರ ಶೇ 20. ಸೆಸ್ ಸೇರಿ ಈ ಬಡ್ಡಿಯ ಮೇಲಿನ ತೆರಿಗೆ 32,287 ಆಗುತ್ತದೆ. ಕಡಿತ ಕಳೆದು ಇನ್ನೂ 20,487 ಬಾಕಿ. ಹೀಗೆ ಉಳಿಯುವ ಬಾಕಿ 10,000 ಮುಟ್ಟಿದರೆ ಮುಂಗಡ ತೆರಿಗೆ ಕಟ್ಟಬೇಕು, ಇಲ್ಲದಿದ್ದರೆ ಅದರ ಮೇಲೆ ಬಡ್ಡಿ ಬೀಳುತ್ತದೆ. ಸಂಬಳದಾರರಿಗೆ ಸುಲಭದ ದಾರಿಯೊಂದಿದೆ: ಡಿಸೆಂಬರ್‌ನಲ್ಲಿ ವರ್ಷದ ಬಡ್ಡಿಯ ಅಂದಾಜನ್ನು ಕಚೇರಿಯ ಲೆಕ್ಕಪತ್ರ ವಿಭಾಗಕ್ಕೆ ತಿಳಿಸಿದರೆ ಅವರು ಸಂಬಳದಲ್ಲೇ ಹಿಡಿಯುತ್ತಾರೆ. ಅದಾಗದಿದ್ದರೆ ಮಾರ್ಚ್ 15ರೊಳಗೆ ನೀವೇ ಕಟ್ಟಿಬಿಡಿ.