‘ಚೆನ್ನಾಗಿ ಪಾಠ ಮಾಡಿದಿರಿ’ ಎಂದರೆ ಮೇಷ್ಟ್ರಿಗೆ ಏನು ತಿಳಿಯುತ್ತದೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆಯಿಂದಲೇ ದಾವಣಗೆರೆ, ಹರಿಹರದ ಮೇಷ್ಟ್ರುಗಳ ಮೊಬೈಲಿಗೆ ಒಂದೇ ಬಗೆಯ ಸಂದೇಶಗಳು ಬರತೊಡಗುತ್ತವೆ. ಕೈಮುಗಿದ ಚಿತ್ರ, ಉರಿಯುವ ದೀಪ, ಕೆಳಗೆ ‘ಬಾಳಿಗೆ ಬೆಳಕಾದ ಗುರುಗಳಿಗೆ ಅನಂತ ಧನ್ಯವಾದಗಳು’. ಕಳಿಸಿದ ಮಕ್ಕಳಿಗೆ ಕೃತಜ್ಞತೆ ಇಲ್ಲವೆಂದಲ್ಲ. ಆದರೆ ಅದೇ ಸಾಲನ್ನು ಗಣಿತದ ಮೇಷ್ಟ್ರಿಗೂ ಕಳಿಸಬಹುದು, ಪಿ.ಟಿ. ಮೇಷ್ಟ್ರಿಗೂ ಕಳಿಸಬಹುದು. ಹೆಸರು ಮುಚ್ಚಿದರೆ ಬರೆದವರು ಯಾರೆಂದೂ ಗೊತ್ತಾಗುವುದಿಲ್ಲ. ಅದರ ಬದಲು ಅರ್ಧ ಪುಟದ ಪತ್ರವನ್ನು ಕೈಯಲ್ಲೇ ಬರೆಯಿರಿ.

ಮೊದಲು ಮಾಡಬೇಕಾದದ್ದು ಹಳೆಯ ನೋಟ್‌ಬುಕ್, ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ರದ್ದಿಗೆ ಹೋಗದಂತೆ ಉಳಿಸಿಕೊಳ್ಳುವುದು. ಫಲಿತಾಂಶ ಬಂದದ್ದೇ ತಡ, ಮನೆಯವರು ಅವನ್ನೆಲ್ಲ ಕಟ್ಟಿ ತೂಕಕ್ಕೆ ಹಾಕಿಬಿಡುತ್ತಾರೆ. ಪತ್ರಕ್ಕೆ ಬೇಕಾದ ಸರಕು ಇರುವುದೇ ಅಲ್ಲಿ. ಪುಟ ತಿರುವಿ ಕೆಂಪು ಶಾಯಿ ಇರುವ ಜಾಗ ಹುಡುಕಿ. ಒಂದೇ ತಪ್ಪನ್ನು ಮೇಷ್ಟ್ರು ಎರಡು ಮೂರು ಕಡೆ ತಿದ್ದಿದ್ದರೆ ನಿಮ್ಮ ಪತ್ರದ ವಿಷಯ ಸಿಕ್ಕಿತೆಂದೇ ಲೆಕ್ಕ.

ಬಹಳ ಮಕ್ಕಳು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಕೆಂಪು ಶಾಯಿ ನೋಡಿದ ಮೇಲೂ ‘ನೀವು ತುಂಬಾ ಚೆನ್ನಾಗಿ ಪಾಠ ಮಾಡಿದಿರಿ’ ಎಂದೇ ಬರೆಯುತ್ತಾರೆ. ಅದು ಹೊಗಳಿಕೆ, ಅಲ್ಲಿ ಏನೂ ನಡೆಯುವುದಿಲ್ಲ. ಇಂಥ ಸಾಲು ಬರೆದಾಗಲೆಲ್ಲ ‘ಹೇಗೆ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರದಲ್ಲಿ ಒಂದು ಜಾಗವೋ, ಪುಟವೋ, ಮೇಷ್ಟ್ರ ಮಾತೋ ಬರುವವರೆಗೆ ಬಿಡಬೇಡಿ.

ಹರಿಹರದ ಒಬ್ಬ ಹುಡುಗ ಗಣಿತದ ಸರ್‌ಗೆ ಬರೆಯಲು ಕೂತಿದ್ದಾನೆ ಎಂದಿಟ್ಟುಕೊಳ್ಳೋಣ. ‘ಚೆನ್ನಾಗಿ ಪಾಠ ಮಾಡಿದಿರಿ.’ ಹೇಗೆ? ‘ಪ್ರಮೇಯ ಅರ್ಥವಾಗುವ ಹಾಗೆ ಹೇಳಿದಿರಿ.’ ಹೇಗೆ? ಈಗ ನೆನಪು ಬರುತ್ತದೆ. ಥೇಲ್ಸ್ ಪ್ರಮೇಯ ಕೇಳಿದರೆ ಅವನು ಚಿತ್ರ ಬರೆದು ನೇರ ಸಾಧನೆಗೆ ಹಾರುತ್ತಿದ್ದ. ಹಂತ ಹಂತಕ್ಕೂ ಅಂಕ ಇರುವುದರಿಂದ ಪ್ರತಿ ಸಲ ಕಳೆದುಕೊಳ್ಳುತ್ತಿದ್ದ. ಸರ್ ಬೈಯಲಿಲ್ಲ, ಪುಟದ ಅಂಚಿನಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ಪದ ಮೊದಲೇ ಬರೆಸಿ, ಎದುರಿನ ಖಾಲಿ ಜಾಗ ತುಂಬಿಸು ಅಂದರು. ಇಷ್ಟು ಸಿಕ್ಕ ಮೇಲೆ ಪತ್ರ ತಾನಾಗಿ ಬರುತ್ತದೆ:

‘ಸರ್, ನಮಸ್ಕಾರ. ಪ್ರಮೇಯದಲ್ಲಿ ನಾನು ದತ್ತ, ಸಾಧನೀಯ ಬಿಟ್ಟು ಸೀದಾ ಸಾಧನೆ ಬರೆಯುತ್ತಿದ್ದೆ. ಪೂರ್ವಸಿದ್ಧತಾ ಪರೀಕ್ಷೆ ಆದಮೇಲೆ ನೀವು ಅಂಚಿನಲ್ಲಿ ನಾಲ್ಕು ಪದ ಬರೆಸಿದಿರಿ. ಪಬ್ಲಿಕ್ ಪರೀಕ್ಷೆಯಲ್ಲಿ ಪ್ರಮೇಯದ ಪ್ರಶ್ನೆ ನೋಡಿದ ತಕ್ಷಣ ಮೊದಲು ಅವನ್ನೇ ಬರೆದುಕೊಂಡೆ. ಕೈ ನಡುಗುವುದು ನಿಂತಿತು. ಈಗ ದಾವಣಗೆರೆಯಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರುತ್ತಿದ್ದೇನೆ. ನೀವು ಕಲಿಸಿದ ಹಾಗೇ ಬರೆಯುತ್ತೇನೆ ಸರ್.’

ಇದನ್ನು ಆ ಹುಡುಗ ಬಿಟ್ಟು ಬೇರೆಯವರು ಬರೆಯಲಾಗದು, ಆ ಮೇಷ್ಟ್ರು ಬಿಟ್ಟು ಬೇರೆಯವರಿಗೆ ಕೊಡಲೂ ಆಗದು. ನಿಮ್ಮ ಪತ್ರವನ್ನೂ ಹೀಗೇ ಪರೀಕ್ಷಿಸಿ. ಮೇಲಿನ ‘ಸರ್’ ತೆಗೆದು ಸಮಾಜ ವಿಜ್ಞಾನದ ಮೇಡಂ ಹೆಸರು ಹಾಕಿ ಓದಿ. ಆಗಲೂ ಸರಿಹೊಂದಿದರೆ ಇನ್ನೊಮ್ಮೆ ‘ಹೇಗೆ?’ ಎಂದು ಕೇಳಿಕೊಳ್ಳಿ.

ಪತ್ರದಲ್ಲಿ ಅಂಕ ಇಲ್ಲದ್ದನ್ನು ಗಮನಿಸಿ. ಒಟ್ಟು ಎಷ್ಟು ಬಂತೆಂದು ಮೇಷ್ಟ್ರು ಶಾಲೆಯ ಪಟ್ಟಿಯಲ್ಲಿ ನೋಡಿರುತ್ತಾರೆ. ಅಂಕ ಬರೆಯಲೇಬೇಕೆಂದರೆ ಒಂದು ವಿಷಯದ್ದು ಸಾಕು, ಅದೂ ಹೋಲಿಕೆಯಾಗಿ: ಪೂರ್ವಸಿದ್ಧತೆಯಲ್ಲಿ 80ಕ್ಕೆ 31, ಪಬ್ಲಿಕ್‌ನಲ್ಲಿ 80ಕ್ಕೆ 58. ಗಣಿತದಲ್ಲಿ ಉಳಿದ 20 ಆಂತರಿಕ ಅಂಕ. ಅದನ್ನು ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಹೆಚ್ಚು ಅಂಕ ಬಂದವರೇ ಬರೆಯಬೇಕೆಂಬ ನಿಯಮವೇನೂ ಇಲ್ಲ. ನನ್ನ ಮಟ್ಟಿಗೆ, ಪರೀಕ್ಷೆ-1ರಲ್ಲಿ ಹೋಗಿ ಪರೀಕ್ಷೆ-2ರಲ್ಲಿ ಪಾಸಾದ ಮಕ್ಕಳ ಹತ್ತಿರವೇ ಹೇಳಲು ಹೆಚ್ಚು ಇರುತ್ತದೆ.

ಒಂದು ಎಚ್ಚರಿಕೆ. ಒಬ್ಬರಿಗೆ ಧನ್ಯವಾದ ಹೇಳುವಾಗ ‘ಬೇರೆ ಸರ್ ಹೇಳಿದ್ದು ಅರ್ಥವಾಗಿರಲಿಲ್ಲ’ ಎಂದು ಸೇರಿಸಬೇಡಿ. ಪತ್ರ ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಮುಜುಗರ ನಿಮ್ಮ ಮೇಷ್ಟ್ರಿಗೇ. ನಡೆಯದ ಘಟನೆಯನ್ನೂ ಸೇರಿಸಬೇಡಿ. ನೆನಪಿಲ್ಲದಿದ್ದರೆ ಬೆಂಚಿನ ಗೆಳೆಯರನ್ನು ಕೇಳಿ, ಅವರಿಗೆ ನೆನಪಿರುತ್ತದೆ.

ಭಾಷೆ ತರಗತಿಯಲ್ಲಿ ಮಾತಾಡಿದಂತೆಯೇ ಇರಲಿ. ಸರ್ ಅನ್ನುತ್ತಿದ್ದರೆ ಸರ್, ಮಿಸ್ ಅನ್ನುತ್ತಿದ್ದರೆ ಮಿಸ್. ‘ಪೂಜ್ಯ ಗುರುವರ್ಯರ ಪಾದಕಮಲಗಳಿಗೆ’ ಬೇಡ. ಟಿ.ಸಿ. ತರಲು ಹೋದ ದಿನ ಕೈಗೇ ಕೊಡಿ. ವರ್ಗಾವಣೆ ಆಗಿದ್ದರೆ ಹೊಸ ಶಾಲೆಯ ವಿಳಾಸಕ್ಕೆ ಅಂಚೆಯಲ್ಲಿ ಹಾಕಿ. ಹಿಂಬದಿಯಲ್ಲಿ ನಿಮ್ಮ ಪೂರ್ತಿ ಹೆಸರು, ಸೆಕ್ಷನ್, ಪಾಸಾದ ವರ್ಷ ಬರೆಯುವುದನ್ನು ಮರೆಯಬೇಡಿ.