ಮನೆ ಕೊಳ್ಳಲು ನಗದು ಕೈಸಾಲ: ದಂಡದ ನೋಟಿಸಿಗೆ ಏನು ಉತ್ತರ ಕೊಡಬೇಕು?

ಪ್ರಶ್ನೆ: ನಾವು ಬ್ಯಾಡಗಿ ಕಡೆಯವರು, ನಾಗಪುರದಲ್ಲಿ ನೌಕರಿ. 2022ರಲ್ಲಿ ಇಲ್ಲಿ ಫ್ಲ್ಯಾಟ್ ಕೊಂಡೆವು. ಕರಾರಿನಂತೆ ಮಾರ್ಚ್ 30ರೊಳಗೆ ಬಾಕಿ ಕಟ್ಟದಿದ್ದರೆ ಮುಂಗಡ ಹೋಗುತ್ತಿತ್ತು. 25ರ ಸಂಜೆ ಬ್ಯಾಂಕಿನವರು ಗೃಹಸಾಲದಲ್ಲಿ 6 ಲಕ್ಷ ಕಡಿಮೆ ಮಾಡಿದರು. ನನ್ನ ಹೆಂಡತಿಯ ಅಣ್ಣ ಮೆಣಸಿನಕಾಯಿ ಮಾರಿ ಮನೆಯಲ್ಲಿಟ್ಟಿದ್ದ 6 ಲಕ್ಷ ನಗದು ತಂದುಕೊಟ್ಟರು. 30ರಂದು ಅದನ್ನು ನನ್ನ ಖಾತೆಗೆ ಕಟ್ಟಿ, ಮಾರಿದವರಿಗೆ ಆರ್‌ಟಿಜಿಎಸ್ ಮಾಡಿದೆ. ಅಸೆಸ್‌ಮೆಂಟಿನಲ್ಲಿ ಹಣದ ಮೂಲ ಒಪ್ಪಿಕೊಂಡರು. ಈಗ 271ಡಿ ಕಲಮಿನಡಿ ನೋಟಿಸು ಬಂದಿದೆ. ‘ರೈತರ ದುಡ್ಡು, ಸಂಬಂಧಿಕರ ಸಾಲ, ದಂಡ ಬೀಳುವುದಿಲ್ಲ’ ಎನ್ನುತ್ತಾರೆ. ನಿಜವೇ?
— ಓದುಗರು, ನಾಗಪುರ

ಉತ್ತರ: ನಿಜವಲ್ಲ. ಆ ಮಾತನ್ನೇ ಉತ್ತರವಾಗಿ ಬರೆದರೆ ಕೆಲಸ ಕೆಡುತ್ತದೆ.

ಆದಾಯ ತೆರಿಗೆ ಕಾಯ್ದೆ 1961ರ 269ಎಸ್‌ಎಸ್ ಕಲಮಿನ ಪ್ರಕಾರ 20,000 ರೂಪಾಯಿ ಅಥವಾ ಹೆಚ್ಚಿನ ಸಾಲವನ್ನು ಅಕೌಂಟ್ ಪೇಯಿ ಚೆಕ್, ಡಿ.ಡಿ. ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಪಡೆಯಬೇಕು. ತಪ್ಪಿದರೆ ಪಡೆದಷ್ಟೇ ಮೊತ್ತದ ದಂಡ, ಅಂದರೆ ನಿಮಗೆ 6 ಲಕ್ಷ. ಸಾಲ ಕೊಟ್ಟವರಿಗಲ್ಲ, ಪಡೆದವರಿಗೆ. ಸಂಬಂಧಿಕರೆಂಬ ವಿನಾಯಿತಿ ಕಾಯ್ದೆಯಲ್ಲಿಲ್ಲ. ಕೃಷಿಕರ ವಿನಾಯಿತಿ ಇದೆ, ಆದರೆ ಕೊಟ್ಟವರು, ಪಡೆದವರು ಇಬ್ಬರಿಗೂ ಕೃಷಿ ಆದಾಯವಿದ್ದು, ಇಬ್ಬರಿಗೂ ತೆರಿಗೆಗೆ ಒಳಪಡುವ ಆದಾಯ ಇಲ್ಲದಿದ್ದರೆ ಮಾತ್ರ. ಸಂಬಳಕ್ಕೆ ತೆರಿಗೆ ಕಟ್ಟುವ ನಿಮಗೆ ಅದು ಸಿಗದು.

ನಿಮ್ಮನ್ನು ಉಳಿಸುವುದು 273ಬಿ. ತಪ್ಪಿಗೆ ಸಮಂಜಸ ಕಾರಣವಿತ್ತೆಂದು ತೋರಿಸಿದರೆ ದಂಡ ಹಾಕುವಂತಿಲ್ಲ. 2002ರಲ್ಲಿ ಎ.ಬಿ. ಶಾಂತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 269ಎಸ್‌ಎಸ್ ಅನ್ನು ಎತ್ತಿಹಿಡಿಯುವಾಗಲೂ ಈ ಬಾಗಿಲು ತೆರೆದಿದೆ ಎಂದಿತ್ತು. 2012ರ ಟ್ರಯಂಫ್ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು, ಸಾಲ ಮರುಪಾವತಿಯ ನಿಯಮ ಮುರಿದಿದ್ದರೂ ವ್ಯವಹಾರ ನಿಜವಾದದ್ದು, ಕಾರಣವೂ ಇತ್ತು ಎಂದು ದಂಡ ತೆಗೆದುಹಾಕಿತು. ನಾಗಪುರ ಅದೇ ಹೈಕೋರ್ಟಿನ ವ್ಯಾಪ್ತಿಯಲ್ಲಿರುವುದರಿಂದ ಈ ತೀರ್ಪನ್ನು ಉತ್ತರದಲ್ಲಿ ಅವಶ್ಯ ಹೆಸರಿಸಿ.

ಆದರೆ ಸಾಲ ನಿಜವೆಂದರಷ್ಟೇ ಸಾಲದು. ಅಧಿಕಾರಿ ಕೇಳುವುದು: ಬ್ಯಾಂಕಿನಿಂದ ಯಾಕೆ ತರಲಿಲ್ಲ? ಇಲ್ಲಿ ನಿಮ್ಮ ತಾರೀಖುಗಳೇ ನಿಮ್ಮ ಬಲ. 2022ರ ಮಾರ್ಚ್ 26 ನಾಲ್ಕನೇ ಶನಿವಾರ, 27 ಭಾನುವಾರ, 28 ಮತ್ತು 29 ದೇಶವ್ಯಾಪಿ ಮುಷ್ಕರ. 25ರ ಸಂಜೆ ಸುದ್ದಿ ಬಂದು, 30ಕ್ಕೆ ಗಡುವು. ಇದಕ್ಕೆ ಎದುರು ಪ್ರಶ್ನೆ ಬಂದೇ ಬರುತ್ತದೆ: ಮುಷ್ಕರದ ದಿನ ಖಾಸಗಿ ಬ್ಯಾಂಕುಗಳು ತೆರೆದಿದ್ದವಲ್ಲ, ಆನ್‌ಲೈನ್ ಇತ್ತಲ್ಲ? ಹಣ ಅವರ ಖಾತೆಯಲ್ಲಿರಲಿಲ್ಲ, ಮನೆಯಲ್ಲಿ ನೋಟಾಗಿತ್ತು, ಕಟ್ಟಲು ಅವರ ಶಾಖೆ ತೆರೆದಿರಲಿಲ್ಲ ಎಂಬುದು ನಿಜವಿದ್ದರೆ ಅದನ್ನೇ ಬರೆದು, ಆ ಶಾಖೆಯಿಂದ ಪತ್ರ ತರಿಸಿ. ಶಾಖೆ ತೆರೆದಿತ್ತೆಂದು ತಿಳಿದರೆ ಈ ವಾದ ಹಾಕಲೇಬೇಡಿ, ಒಂದು ಸುಳ್ಳು ಇಡೀ ಉತ್ತರವನ್ನು ಕೆಡಿಸುತ್ತದೆ.

ಉತ್ತರದ ಮುಖ್ಯ ಭಾಗ ಹೀಗಿರಲಿ: ‘ಗೃಹಸಾಲ ಕಡಿಮೆಯಾದದ್ದು 25-3-2022ರ ಸಂಜೆ ತಿಳಿಯಿತು. ಕರಾರಿನ ಗಡುವು 30-3-2022. ನಡುವಿನ ನಾಲ್ಕು ದಿನ ಸಾಲ ಕೊಟ್ಟವರ ಶಾಖೆ ಮುಚ್ಚಿತ್ತು. ಪಡೆದ ನಗದನ್ನು ಪೂರ್ತಿಯಾಗಿ 30-3-2022ರಂದು ನನ್ನ ಖಾತೆಗೆ ಕಟ್ಟಿ ಮಾರಾಟಗಾರರಿಗೆ ಕಳಿಸಿದ್ದೇನೆ. ಇದು ಒಂದೇ ಬಾರಿ ನಡೆದದ್ದು. ಸಾಲದ ಮೂಲವನ್ನು ಅಸೆಸ್‌ಮೆಂಟಿನಲ್ಲಿ ಒಪ್ಪಲಾಗಿದೆ.’ ಜೊತೆಗೆ ಕರಾರು ಪತ್ರ, ಬ್ಯಾಂಕಿನ ಮಂಜೂರಾತಿ ಪತ್ರ, ನಿಮ್ಮ ಪಾಸ್‌ಬುಕ್, ಅಣ್ಣನವರ ಪಹಣಿ, ಎಪಿಎಂಸಿ ಮಾರಾಟದ ಪಟ್ಟಿಗಳು ಮತ್ತು ಅವರ ಅಫಿಡವಿಟ್ ಲಗತ್ತಿಸಿ. ಪಟ್ಟಿಗಳ ಮೊತ್ತ ಆರು ಲಕ್ಷಕ್ಕೆ ತಾಳೆಯಾಗಬೇಕು. ಹೆದರಿ ಈಗ ‘ಅದು ಸಾಲವಲ್ಲ, ಉಡುಗೊರೆ’ ಎನ್ನಬೇಡಿ, ಅಸೆಸ್‌ಮೆಂಟಿನಲ್ಲಿ ಸಾಲವೆಂದೇ ಹೇಳಿದ್ದೀರಿ.

ಇನ್ನೊಂದು ಅಂಶವನ್ನು ನಿಮ್ಮ ಆಡಿಟರ್‌ಗೆ ತೋರಿಸಿ. ಅಸೆಸ್‌ಮೆಂಟ್ ಆದೇಶದಲ್ಲಿ ಅಧಿಕಾರಿ 269ಎಸ್‌ಎಸ್ ಉಲ್ಲಂಘನೆಯಾಗಿದೆಯೆಂದು ಬರೆದಿದ್ದಾರೆಯೇ? 2015ರ ಜೈ ಲಕ್ಷ್ಮಿ ರೈಸ್ ಮಿಲ್ಸ್ ಪ್ರಕರಣದಲ್ಲಿ ಹಾಗೆ ದಾಖಲಾಗದ್ದರಿಂದಲೇ ಸುಪ್ರೀಂ ಕೋರ್ಟಿನಲ್ಲಿ ದಂಡ ನಿಲ್ಲಲಿಲ್ಲ. ನಿಮ್ಮ ಆದೇಶದಲ್ಲೂ ಅದು ದಾಖಲಾಗಿಲ್ಲದಿದ್ದರೆ ಈ ಆಕ್ಷೇಪವನ್ನು ಮೊದಲ ಉತ್ತರದಲ್ಲೇ ಎತ್ತಿ.

ಉತ್ತರವನ್ನು ಗಡುವಿನೊಳಗೆ ಇ-ಫೈಲಿಂಗ್ ಪೋರ್ಟಲ್ಲಿನಲ್ಲಿ ಹಾಕಿ, ಸ್ವೀಕೃತಿ ಇಟ್ಟುಕೊಳ್ಳಿ. ದಂಡದ ಆದೇಶ ಬಂದರೆ 30 ದಿನದೊಳಗೆ ಫಾರ್ಮ್ 35ರಲ್ಲಿ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ನಾಗಪುರದಲ್ಲೇ ಟ್ರಿಬ್ಯೂನಲ್ ಪೀಠವಿದೆ. ಮತ್ತು ಅಣ್ಣನವರಿಗೆ ಕೊಡಬೇಕಾದ ಹಣವನ್ನು ನಗದಾಗಿ ಕೊಡಲೇಬೇಡಿ: 20,000 ಮುಟ್ಟಿದ ಸಾಲವನ್ನು ನಗದಾಗಿ ತೀರಿಸಿದರೆ 269ಟಿ ಉಲ್ಲಂಘನೆಯಾಗಿ, ತೀರಿಸಿದಷ್ಟೇ ಮೊತ್ತದ ಇನ್ನೊಂದು ದಂಡ ಬೀಳುತ್ತದೆ.