ನೋಂದಣಿಯಾಗದ ವ್ಯಾಪಾರ ನಾಮ ಮತ್ತು ಅದರ ರಕ್ಷಣೆ

ಸಣ್ಣ ಉದ್ಯಮಗಳಲ್ಲಿ ಅನೇಕವು ತಮ್ಮ ಸರಕಿನ ಹೆಸರನ್ನು ನೋಂದಾಯಿಸದೆಯೇ ವರ್ಷಗಟ್ಟಲೆ ಬಳಸುತ್ತವೆ. ಅದೇ ಹೆಸರನ್ನು ಮತ್ತೊಬ್ಬರು ನೋಂದಾಯಿಸಲು ಹೊರಟಾಗ ಮೊದಲಿನವರ ಹಕ್ಕು ಏನಾಗುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದಲ್ಲಿ ಉತ್ತರವಿದೆ. ಒಂದು ಕಲ್ಪಿತ ಉದಾಹರಣೆಯ ಮೂಲಕ ಅದನ್ನು ಇಲ್ಲಿ ವಿವರಿಸಲಾಗಿದೆ.

ಪುಣೆಯಲ್ಲಿ ನೆಲೆಸಿದ ಧಾರವಾಡದ ಮಹಿಳೆಯೊಬ್ಬರು 2011ರಿಂದ ‘ಅಟ್ಟದ ಬುಟ್ಟಿ’ ಎಂಬ ಹೆಸರಿನಲ್ಲಿ ಶೇಂಗಾ ಮತ್ತು ಗುರೆಳ್ಳು ಚಟ್ನಿಪುಡಿಗಳನ್ನು ಮಾರುತ್ತಿದ್ದಾರೆಂದು ಭಾವಿಸೋಣ. ಹೆಸರು ನೋಂದಣಿಯಾಗಿಲ್ಲ. ಅದೇ ನಗರದ ಇನ್ನೊಬ್ಬ ವ್ಯಾಪಾರಿ 2022ರಲ್ಲಿ ಅದೇ ಹೆಸರಿನ ಪೊಟ್ಟಣಗಳನ್ನು ಮಾರಲಾರಂಭಿಸಿ, ನೋಂದಣಿಗೂ ಅರ್ಜಿ ಸಲ್ಲಿಸುತ್ತಾರೆ. ಆ ಅರ್ಜಿಯು 2025ರ ಜನವರಿ 6ರ ವ್ಯಾಪಾರ ಚಿಹ್ನೆಗಳ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ.

ವಿರೋಧದ ಕ್ರಮ

ನೋಂದಣಿ ಇಲಾಖೆಯ ಜಾಲತಾಣದಲ್ಲಿ ವಾರಕ್ಕೊಮ್ಮೆ ಹೊರಬರುವ ಈ ಪತ್ರಿಕೆಯಲ್ಲಿ ಅರ್ಜಿ ಪ್ರಕಟವಾದ ದಿನದಿಂದ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ವಿರೋಧ ಸೂಚಿಸಬಹುದು. ಈ ಅವಧಿಯನ್ನು ವಿಸ್ತರಿಸಲು ಅವಕಾಶವಿಲ್ಲ. ಆದುದರಿಂದ ಈ ಮಹಿಳೆಯು ಕೊನೆಯ ದಿನಕ್ಕೆ ಕಾಯದೆ ಏಪ್ರಿಲ್ ಮುಗಿಯುವುದರೊಳಗೆ ‘ಟಿಎಂ-ಓ’ ನಮೂನೆಯನ್ನು ಸಲ್ಲಿಸುವುದು ಕ್ಷೇಮ. 2017ರ ನಿಯಮಗಳ ಪ್ರಕಾರ ಗಣಕಯಂತ್ರದ ಮೂಲಕ ಸಲ್ಲಿಸಿದರೆ ಪ್ರತಿ ವರ್ಗಕ್ಕೆ ಶುಲ್ಕ 2,700 ರೂಪಾಯಿ. ಚಟ್ನಿಪುಡಿಯಂತಹ ಸರಕು 30ನೇ ವರ್ಗಕ್ಕೆ ಸೇರುತ್ತದೆ.

ವಿರೋಧ ಸೂಚನೆಯ ಪ್ರತಿ ತಲುಪಿದ ಎರಡು ತಿಂಗಳೊಳಗೆ ಅರ್ಜಿದಾರರು ಪ್ರತಿಹೇಳಿಕೆ ನೀಡದಿದ್ದರೆ ಅವರು ಅರ್ಜಿಯನ್ನು ಕೈಬಿಟ್ಟಂತೆ ಪರಿಗಣಿಸಲಾಗುತ್ತದೆ. ಪ್ರತಿಹೇಳಿಕೆ ಬಂದಲ್ಲಿ, ಅದು ತಲುಪಿದ ಎರಡು ತಿಂಗಳೊಳಗೆ ವಿರೋಧಿಸಿದವರು ಶಪಥಪತ್ರದೊಡನೆ ಸಾಕ್ಷ್ಯ ಒದಗಿಸತಕ್ಕದ್ದು. ಹಲವರು ಎಡವುವುದು ಇಲ್ಲಿಯೇ. ಸೂಚನೆ ಸಲ್ಲಿಸಿದ ಮೇಲೆ ಕೆಲಸ ಮುಗಿಯಿತೆಂದು ಸುಮ್ಮನಾದರೆ ವಿರೋಧವೇ ಬಿದ್ದುಹೋಗಬಹುದು.

ಯಾವ ಸಾಕ್ಷ್ಯ ಬೇಕು? 2011ರಿಂದ ಮಾರಾಟವು ಎಡೆಬಿಡದೆ ನಡೆದಿದೆ ಎಂಬುದನ್ನು ತೋರಿಸುವ, ದಿನಾಂಕವುಳ್ಳ ಕಾಗದಗಳು ಬೇಕು. ಮಾರಾಟದ ರಸೀದಿಗಳು, ಹೆಸರು ಅಚ್ಚಾದ ಪೊಟ್ಟಣಕ್ಕೆ ಮುದ್ರಣಾಲಯ ನೀಡಿದ ಬಿಲ್ಲು, ಆಹಾರ ಪರವಾನಗಿ, ಅಂಗಡಿಗಳಿಂದ ಬಂದ ಬೇಡಿಕೆ ಪತ್ರ, ಪ್ರದರ್ಶನದ ಮಳಿಗೆಗೆ ಹಣ ಕಟ್ಟಿದ ಚೀಟಿ ಮುಂತಾದವು ಉಪಯುಕ್ತ. ಕೇವಲ ಮಾಲೀಕರ ಹೆಸರಿದ್ದು ಸರಕಿನ ಹೆಸರಿಲ್ಲದ ರಸೀದಿಗೆ ತೂಕ ಕಡಿಮೆ.

ಪಾಸಿಂಗ್ ಆಫ್ ದಾವೆ

ವಿರೋಧವು ನೋಂದಣಿಯನ್ನಷ್ಟೇ ತಡೆಯಬಲ್ಲದು, ಮಾರಾಟವನ್ನಲ್ಲ. ಮಾರಾಟ ನಿಲ್ಲಬೇಕಾದರೆ ನ್ಯಾಯಾಲಯಕ್ಕೆ ಹೋಗಬೇಕು. ನೋಂದಣಿಯಾಗದ ಚಿಹ್ನೆಯ ಉಲ್ಲಂಘನೆಗೆ ದಾವೆ ಹೂಡಲಾಗದು. ಆದರೆ ತನ್ನ ಸರಕನ್ನು ಇನ್ನೊಬ್ಬರ ಸರಕೆಂದು ನಂಬುವಂತೆ ಮಾರುವುದರ ವಿರುದ್ಧದ ಹಕ್ಕನ್ನು, ಅಂದರೆ ‘ಪಾಸಿಂಗ್ ಆಫ್’ ಹಕ್ಕನ್ನು, ಅಧಿನಿಯಮದ 27ನೇ ಪ್ರಕರಣ ಉಳಿಸಿಕೊಟ್ಟಿದೆ. ಇಲ್ಲಿ ಮೂರು ಸಂಗತಿಗಳನ್ನು ಸಾಬೀತುಪಡಿಸಬೇಕು: ಆ ಹೆಸರಿಗೆ ಗ್ರಾಹಕರಲ್ಲಿ ಮನ್ನಣೆ ಇದೆ, ಎದುರಾಳಿಯ ಬಳಕೆಯಿಂದ ಗ್ರಾಹಕರು ತಪ್ಪು ತಿಳಿಯುವ ಸಂಭವವಿದೆ ಮತ್ತು ಅದರಿಂದ ಹಾನಿಯಾಗಿದೆ ಅಥವಾ ಆಗಲಿದೆ.

ಈ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ನ್ಯಾಯಾಲಯದಲ್ಲಿ ಹೂಡುವಂತಿಲ್ಲ. ನೋಂದಾಯಿತ ಚಿಹ್ನೆಯ ಒಡೆಯರು ತಾವಿರುವ ಊರಿನಲ್ಲಿಯೇ ಉಲ್ಲಂಘನೆಯ ದಾವೆ ಹೂಡಬಹುದು. ಪಾಸಿಂಗ್ ಆಫ್ ದಾವೆಗೆ ಆ ಅನುಕೂಲವಿಲ್ಲ. ಎದುರಾಳಿ ಇರುವಲ್ಲಿ ಅಥವಾ ಆ ಮಾರಾಟ ನಡೆದಲ್ಲಿ ಹೂಡಬೇಕು. ನೋಂದಣಿಯ ಲಾಭಗಳಲ್ಲಿ ಇದೂ ಒಂದು.

ಎದುರಾಳಿಗೆ ನೋಂದಣಿ ದೊರೆತಿದ್ದರೆ

ನಾಲ್ಕು ತಿಂಗಳು ಕಳೆದುಹೋಗಿ ನೋಂದಣಿಯೂ ಆಗಿಬಿಟ್ಟರೆ ಮೊದಲ ಬಳಕೆದಾರರ ಹಕ್ಕು ಅಳಿಯುವುದಿಲ್ಲ. ಎದುರಾಳಿಯ ಬಳಕೆ ಮತ್ತು ನೋಂದಣಿ ಇವೆರಡರಲ್ಲಿ ಯಾವುದು ಮೊದಲೋ ಅದಕ್ಕಿಂತ ಮುಂಚಿನಿಂದ ನಿರಂತರವಾಗಿ ಹೆಸರನ್ನು ಬಳಸುತ್ತಿರುವವರನ್ನು ತಡೆಯಲಾಗದೆಂದು 34ನೇ ಪ್ರಕರಣ ಹೇಳುತ್ತದೆ. ತಿರುನೆಲ್ವೇಲಿಯ ‘ಇರುಟ್ಟುಕಡೈ ಹಲ್ವಾ’ ಹೆಸರಿನ ವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ, ಮೊದಲ ಬಳಕೆದಾರರ ಹಕ್ಕು ನೋಂದಣಿಯಿಂದ ದೊರೆತ ಹಕ್ಕಿಗಿಂತ ಮೇಲಿನದೆಂದು ತೀರ್ಪಿತ್ತಿತು. ತಪ್ಪಾಗಿ ಆದ ನೋಂದಣಿಯನ್ನು ತೆಗೆದುಹಾಕುವಂತೆ 57ನೇ ಪ್ರಕರಣದನ್ವಯ ರಿಜಿಸ್ಟ್ರಾರರನ್ನು ಅಥವಾ ಉಚ್ಚ ನ್ಯಾಯಾಲಯವನ್ನು ಕೋರಬಹುದು.

ಈ ಎಲ್ಲ ಹಾದಿಯಲ್ಲೂ ರುಜುವಾತಿನ ಹೊರೆ ಮೊದಲ ಬಳಕೆದಾರರ ಮೇಲೆಯೇ ಬೀಳುತ್ತದೆ. ಆದುದರಿಂದ ವಿರೋಧದ ಜೊತೆಗೇ ಆ ಮಹಿಳೆಯು ‘ಟಿಎಂ-ಎ’ ನಮೂನೆಯಲ್ಲಿ, 2011ರಿಂದ ಬಳಕೆ ಇದೆಯೆಂದು ಶಪಥಪತ್ರ ಲಗತ್ತಿಸಿ, ತಮ್ಮದೇ ಅರ್ಜಿಯನ್ನು ಸಲ್ಲಿಸತಕ್ಕದ್ದು. ಪುಣೆಯವರಿಗೆ ಮುಂಬಯಿ ಕಚೇರಿ, ಕರ್ನಾಟಕದವರಿಗೆ ಚೆನ್ನೈ ಕಚೇರಿ ಸಂಬಂಧಪಟ್ಟದ್ದು. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಗಣಕಯಂತ್ರದ ಮೂಲಕ ಸಲ್ಲಿಸುವ ಅರ್ಜಿಗೆ ಪ್ರತಿ ವರ್ಗಕ್ಕೆ 4,500 ರೂಪಾಯಿ ಶುಲ್ಕ. ನೋಂದಣಿಯು ಅರ್ಜಿಯ ದಿನಾಂಕದಿಂದ 10 ವರ್ಷ ಊರ್ಜಿತವಾಗಿದ್ದು, ಆಮೇಲೆ ನವೀಕರಿಸಬಹುದು. ‘ರುಚಿಯಾದ ಚಟ್ನಿಪುಡಿ’ ಎಂಬಂತೆ ಸರಕಿನ ಗುಣವನ್ನಷ್ಟೇ ಹೇಳುವ ಹೆಸರಿಗೆ ಸಾಮಾನ್ಯವಾಗಿ ನೋಂದಣಿ ದೊರೆಯದು. ‘ಅಟ್ಟದ ಬುಟ್ಟಿ’ಗೆ ಆ ತೊಡಕಿಲ್ಲ.